ಬೋರ್ಡು ಪುಟದ ದಿನಚರಿ: 640 ಖಾತೆ, 1,152 ಸಲ

ಆಗಸ್ಟ್ 2023, ಮೊದಲ ವಾರ

ತುಮಕೂರಿನಿಂದ ಕೈಬರಹದ ಅಂಗಡಿ ಬೋರ್ಡುಗಳ ಫೋಟೋ ಹಾಕಲು ಶುರು ಮಾಡಿದ ಇನ್‌ಸ್ಟಾಗ್ರಾಂ ಪುಟಕ್ಕೆ ಈಗ ಐದು ತಿಂಗಳು. ಈ ವಾರ ಹಾಕಿದ ಪೋಸ್ಟ್ ಹಿಟ್ಟಿನ ಗಿರಣಿಯೊಂದರ ಬೋರ್ಡಿನದು. ಒಂದೇ ಪೋಸ್ಟಿನಲ್ಲಿ ಏಳು ಚಿತ್ರ. ಚಾಕ್ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಟಪ್ ಎಂದು ಬಿಟ್ಟು ಗೆರೆ ಮೂಡಿಸುವುದರಿಂದ ಹಿಡಿದು, ಹಳದಿ ಅಕ್ಷರದ ಬಲಕ್ಕೆ ಕೆಂಪು ನೆರಳು ಕೊಡುವವರೆಗೆ. ಕೊನೆಯ ಚಿತ್ರದಲ್ಲಿ 'ಗಿ' ಅಕ್ಷರದ ಗುಡಿಸಿನ ಮೇಲೆ ಎನಾಮಲ್ ಇನ್ನೂ ಹಸಿಯಾಗಿ ಹೊಳೆಯುತ್ತಿದೆ.

ನಾಲ್ಕನೇ ದಿನ, ಪೋಸ್ಟಿನ ಅಂಕಿಅಂಶ ತೋರಿಸುವ ಇನ್‌ಸೈಟ್ಸ್ ತೆರೆದೆ. ಇಂಪ್ರೆಶನ್ 1,152. ಖುಷಿಯಾಗಿ ಬೋರ್ಡು ಬರೆದ ಪೇಂಟರ್ ಅಣ್ಣನಿಗೆ ಫೋನ್ ಮಾಡಿ, "ಅಣ್ಣಾ, ನಿಮ್ಮ ಬೋರ್ಡನ್ನ ಸಾವಿರದ ನೂರೈವತ್ತು ಜನ ನೋಡಿದ್ದಾರೆ" ಅಂದೆ. ಅವರು ಅದನ್ನು ಸಂಜೆಯೊಳಗೆ ಮೂರು ಗಿರಾಕಿಗಳಿಗೆ ಹೇಳಿಯೂ ಆಗಿತ್ತು.

ರಾತ್ರಿ ಮತ್ತೆ ನೋಡಿದಾಗ ಅದೇ ಪರದೆಯಲ್ಲಿ ಇನ್ನೊಂದು ಅಂಕಿ ಕಂಡಿತು. ತಲುಪಿದ ಖಾತೆಗಳು, ಅಂದರೆ ರೀಚ್, 640. ಹಾಗಾದರೆ ನಾನು ಹೇಳಿದ್ದು ತಪ್ಪು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿರುವ ಮನುಷ್ಯ ಅವರು, ಗಿರಾಕಿಗಳ ಮುಂದೆ ನನ್ನ ಮಾತು ನಂಬಿ ಹೇಳಿದ್ದಾರೆ. ಸರಿಯಾದ ಲೆಕ್ಕ ಕೊಡಲೇಬೇಕು ಎನಿಸಿತು. ಈ ದಿನಚರಿ ಅದಕ್ಕಾಗಿಯೇ ಶುರುವಾಗಿದ್ದು.

ಆಗಸ್ಟ್, ಎರಡನೇ ವಾರ

ಮೂಲ ವಿಷಯ ಸರಳ. ರೀಚ್ ಎಂದರೆ ಪೋಸ್ಟ್ ಕನಿಷ್ಠ ಒಂದು ಸಲವಾದರೂ ಕಂಡ ಖಾತೆಗಳ ಸಂಖ್ಯೆ. ಒಂದು ಖಾತೆ ಹತ್ತು ಸಲ ನೋಡಿದರೂ ಅಲ್ಲಿ ಒಂದೇ. ಇಂಪ್ರೆಶನ್ ಎಂದರೆ ಪೋಸ್ಟ್ ಪರದೆಯ ಮೇಲೆ ಬಂದ ಸಲಗಳ ಸಂಖ್ಯೆ. ಅದೇ ಖಾತೆ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿದರೆ ಎರಡು.

ಪೇಂಟರ್ ಅಣ್ಣನಿಗೆ ಇದನ್ನು ವಿವರಿಸಲು ಹೊರಟರೆ ಅವರೇ ನನಗಿಂತ ಚೆನ್ನಾಗಿ ಹೇಳಿಬಿಟ್ಟರು. "ಗಿರಣಿ ಬೋರ್ಡಿನ ಕೆಳಗೆ ದಿನಾ ಓಡಾಡೋದು ಅದೇ ಬೀದಿ ಜನ ಅಲ್ವಾ ಸಾರ್. ಹೂವಿನಮ್ಮ ಒಬ್ಳೇ ದಿನಕ್ಕೆ ನಾಲ್ಕು ಸಲ ಹೋಗ್ತಾಳೆ. ಹಂಗಂತ ನಾಲ್ಕು ಜನ ನೋಡಿದ್ರು ಅನ್ನಕ್ಕಾಗುತ್ತಾ?" ಅವತ್ತಿನಿಂದ ನನ್ನ ಪುಸ್ತಕದಲ್ಲಿ ರೀಚ್‌ಗೆ 'ತಲೆ', ಇಂಪ್ರೆಶನ್‌ಗೆ 'ಸಲ' ಎಂದು ಬರೆದುಕೊಳ್ಳುತ್ತಿದ್ದೇನೆ.

ಶೀಟಿನಲ್ಲಿ ಎರಡನೇ ಕಾಲಂ ತಲೆ, ಮೂರನೆಯದು ಸಲ. ನಾಲ್ಕನೆಯದರಲ್ಲಿ ಇಷ್ಟೇ:

```
=C2/B2
```

ಇದಕ್ಕೆ ಜಾಹೀರಾತಿನವರು ಫ್ರೀಕ್ವೆನ್ಸಿ ಅನ್ನುತ್ತಾರೆ. ಗಿರಣಿ ಪೋಸ್ಟಿಗೆ 1,152 ಭಾಗಿಸು 640, ಅಂದರೆ 1.8. ಹಳೆಯ ಪೋಸ್ಟುಗಳನ್ನೂ ತುಂಬಿಸಿ ನೋಡಿದರೆ ಹೆಚ್ಚಿನವು 1.1 ಮತ್ತು 1.3ರ ನಡುವೆ ಇವೆ. ಇದೊಂದೇ ಯಾಕೆ ಹೀಗೆ?

ಆಗಸ್ಟ್, ಮೂರನೇ ವಾರ

ಕಾರಣ ಹುಡುಕಲು ಒಂದು ಒಂಟಿ ಫೋಟೋ ಹಾಕಿದೆ. ಅದೇ ಬೀದಿಯ ಸೈಕಲ್ ಶಾಪ್ ಬೋರ್ಡು, ವಾರದ ಅದೇ ದಿನ, ಅದೇ ಸಂಜೆ ಏಳು ಗಂಟೆ. ನಾಲ್ಕು ದಿನದ ಕೊನೆಗೆ ರೀಚ್ 655, ಇಂಪ್ರೆಶನ್ 760. ಅನುಪಾತ 1.16. ತಲೆಗಳು ಹೆಚ್ಚು ಕಡಿಮೆ ಅಷ್ಟೇ, ಸಲಗಳು ಮಾತ್ರ ಸುಮಾರು 400 ಕಡಿಮೆ. ಒಂದು ಜೋಡಿ ಪೋಸ್ಟಿನಿಂದ ಎಲ್ಲವೂ ಸಾಬೀತಾಗುವುದಿಲ್ಲ, ಆದರೆ ಹುಡುಕಬೇಕಾದ ದಿಕ್ಕು ಸಿಕ್ಕಿತು.

ಗಿರಣಿ ಪೋಸ್ಟಿನ ಇಂಪ್ರೆಶನ್‌ಗಳು ಎಲ್ಲಿಂದ ಬಂದವು ಎಂಬ ವಿಂಗಡಣೆ ಕೆಳಗಡೆಯೇ ಇದೆ. ಹೋಂ ಫೀಡಿನಿಂದ 702, ಪ್ರೊಫೈಲ್‌ನಿಂದ 96, ಹ್ಯಾಷ್‌ಟ್ಯಾಗ್‌ನಿಂದ 43, ಇತರೆ 311. ತಲೆಗಳ ವಿಂಗಡಣೆ ಬೇರೆ ಥರ: ಫಾಲೋ ಮಾಡುವ ಖಾತೆಗಳು 388, ಮಾಡದಿರುವವು 252.

ಫೀಡಿನ ಕಥೆ ಗೆಳೆಯನೊಬ್ಬನ ಸ್ಕ್ರೀನ್‌ಶಾಟಿನಿಂದ ತಿಳಿಯಿತು. "ನಿನ್ನ ಪೋಸ್ಟ್ ನಿನ್ನೆ ಬಂದಿತ್ತು, ಇವತ್ತು ಮತ್ತೆ ಬಂತು, ಆದ್ರೆ ಎರಡನೇ ಚಿತ್ರದಿಂದ ಶುರುವಾಗಿದೆ" ಎಂದು ಕಳಿಸಿದ್ದ. ಹಲವು ಚಿತ್ರಗಳ ಪೋಸ್ಟನ್ನು ಯಾರಾದರೂ ಪಕ್ಕಕ್ಕೆ ಸರಿಸದೆ ಮುಂದೆ ಹೋದರೆ, ಇನ್‌ಸ್ಟಾಗ್ರಾಂ ಅದನ್ನೇ ಮುಂದಿನ ಚಿತ್ರದೊಂದಿಗೆ ಇನ್ನೊಮ್ಮೆ ತೋರಿಸುವುದುಂಟು. ಗೆಳೆಯ ಆಗಲೇ ಎಣಿಕೆಗೆ ಬಂದ ತಲೆ. ಎರಡನೇ ಸಲ ರೀಚ್ ಅಲ್ಲಾಡಲಿಲ್ಲ, ಇಂಪ್ರೆಶನ್ ಒಂದು ಏರಿತು. ಒಂಟಿ ಫೋಟೋಗೆ ಈ ಎರಡನೇ ಅವಕಾಶ ಇಲ್ಲ.

'ಇತರೆ' 311ರ ಗುಟ್ಟು ಗಿರಣಿ ಮಾಲೀಕರ ಮನೆಯಲ್ಲಿತ್ತು. ಅವರು ಲಿಂಕನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅವರ ಮಗಳೇ ಹೇಳಿದಳು, "ಅಪ್ಪ ಮನೆಗೆ ಯಾರೇ ಬಂದ್ರೂ ಅದೇ ಲಿಂಕ್ ತೆಗೆದು ತೋರಿಸ್ತಾರೆ." ಒಂದು ಫೋನು, ಒಂದು ಖಾತೆ, ವಾರವಿಡೀ ಎಷ್ಟೋ ಸಲ.

ಇಲ್ಲಿ ನನಗೊಂದು ಎಚ್ಚರ ಹುಟ್ಟಿತು. 1.8 ಎಂದರೆ ಪ್ರತಿಯೊಬ್ಬರೂ ಸುಮಾರು ಎರಡು ಸಲ ನೋಡಿದರು ಎಂದು ಓದುವುದು ಸುಲಭ. ಆದರೆ 600 ಖಾತೆ ಒಂದೊಂದು ಸಲ ನೋಡಿ, ಉಳಿದ 40 ಖಾತೆ ಸರಾಸರಿ 13.8 ಸಲ ನೋಡಿದರೂ ಮೊತ್ತ 1,152 ಆಗುತ್ತದೆ. ಎಲ್ಲರೂ ಒಂದೋ ಎರಡೋ ಸಲ ನೋಡಿದರೂ ಅಷ್ಟೇ ಆಗುತ್ತದೆ. ಇವೆರಡರಲ್ಲಿ ಯಾವುದು ನಿಜ ಎಂದು ಆ ಎರಡು ಅಂಕಿಗಳಷ್ಟೇ ಹೇಳಲಾರವು. ಯಾವ ದಾರಿಯಿಂದ ಬಂದವು ಎಂದು ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ, ಅಷ್ಟೇ.

ಸೆಪ್ಟೆಂಬರ್ 2023

'ತಲೆ' ಎಂದು ಬರೆದುಕೊಳ್ಳುತ್ತಿದ್ದೇನಲ್ಲ, ಅದು ನಿಜವಾಗಿ ತಲೆಯೇ? ಪರೀಕ್ಷೆಗೆ ಒಂದು ಹೊಸ ಖಾತೆ ಮಾಡಿದೆ. ಇನ್‌ಸೈಟ್ಸ್ ಬೇಕೆಂದರೆ ಪ್ರೊಫೆಷನಲ್ ಖಾತೆ ಆಗಬೇಕು, ಅದನ್ನು ಪ್ರೈವೇಟ್ ಮಾಡಲು ಬಿಡುವುದಿಲ್ಲ. ಹಾಗಾಗಿ ಹ್ಯಾಷ್‌ಟ್ಯಾಗ್ ಹಾಕಲಿಲ್ಲ, ಯಾರಿಗೂ ಹೇಳಲಿಲ್ಲ. ಮನೆಯವರ ಒಂಬತ್ತು ಖಾತೆಗಳಿಂದ ಮಾತ್ರ ಫಾಲೋ ಮಾಡಿಸಿದೆ. ಒಂದು ಫೋಟೋ ಹಾಕಿ, ಎರಡು ದಿನ ಅದು ಕಣ್ಣಿಗೆ ಬಿದ್ದಾಗಲೆಲ್ಲ ಚೀಟಿಯ ಮೇಲೆ ಒಂದು ಗೀಟು ಹಾಕಿ ಎಂದು ಎಲ್ಲರನ್ನೂ ಕೇಳಿಕೊಂಡೆ. ಅಮ್ಮ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಹಾಕಿದ ನಾಲ್ಕು ಗೀಟು ಇನ್ನೂ ಇವೆ.

ಫಲಿತಾಂಶ: ರೀಚ್ 7, ಇಂಪ್ರೆಶನ್ 16. ಫಾಲೋ ಮಾಡದವರು ಸೊನ್ನೆ. ಇಬ್ಬರು ಆ ಎರಡು ದಿನ ಆ್ಯಪ್ ತೆರೆದೇ ಇರಲಿಲ್ಲ, ಸರಿ. ಕೇಳಿ ನೋಡಿದರೆ ಫೋಟೋ ನೋಡಿದ ಜನರೂ ಏಳೇ! ಲೆಕ್ಕ ಕೂಡಿತು ಎಂದುಕೊಂಡು ಹೆಸರು ಬರೆಯುತ್ತಾ ಹೋದಾಗ ತಿಳಿಯಿತು, ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡಿವೆ. ಅಕ್ಕನಿಗೆ ಎರಡು ಖಾತೆ, ಒಂದು ಸ್ವಂತದ್ದು, ಒಂದು ಸೀರೆ ವ್ಯಾಪಾರದ್ದು. ಎರಡರಲ್ಲೂ ನೋಡಿದ್ದಾಳೆ, ಒಬ್ಬಳೇ ಎರಡಾಗಿದ್ದಾಳೆ. ಅಪ್ಪನಿಗೆ ಖಾತೆಯೇ ಇಲ್ಲ, ಅಮ್ಮನ ಫೋನಿನಲ್ಲಿ ನೋಡಿದ್ದಾರೆ. ಅವರು ಲೆಕ್ಕಕ್ಕೇ ಬಂದಿಲ್ಲ. ರೀಚ್ ಎಣಿಸುವುದು ಖಾತೆಯನ್ನು. ದೊಡ್ಡ ಸಂಖ್ಯೆಗಳಲ್ಲಿ ಇವು ಹೀಗೆ ಸರಿಹೋಗುತ್ತವೆ ಎಂದು ನಂಬಲು ಕಾರಣವಿಲ್ಲ.

ಗೀಟುಗಳ ಮೊತ್ತ 14, ಇಂಪ್ರೆಶನ್ 16. ಎರಡು ಸಲ ಎಲ್ಲಿ ಹೋಯಿತು? ಅಕ್ಕನ ಮಗ ಫೀಡ್ ಸರಿಸುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಹೆಬ್ಬೆರಳು ನಿಲ್ಲುವುದೇ ಇಲ್ಲ. ನನ್ನ ಫೋಟೋ ನನ್ನ ಕಣ್ಣೆದುರೇ ಮೇಲೆ ಹೋಯಿತು, ಅವನಿಗೆ ಗೊತ್ತೇ ಆಗಲಿಲ್ಲ. ಕಾಣೆಯಾದ ಎರಡು ಸಲ ಅಂಥವೇ ಇರಬೇಕು. ಇಂಪ್ರೆಶನ್ ಎಂದರೆ ಪರದೆಗೆ ಬಂದದ್ದು, ಗಮನಿಸಿದ್ದು ಎಂದಲ್ಲ. ಎಷ್ಟು ಹೊತ್ತು ಕಂಡರೆ ಒಂದು ಸಲ ಎನ್ನುವುದು ಒಂದೊಂದು ಆ್ಯಪ್‌ನಲ್ಲಿ ಒಂದೊಂದು ಥರ. ಯೂಟ್ಯೂಬಿನಲ್ಲಿ ಥಂಬ್‌ನೇಲ್‌ನ ಅರ್ಧ ಭಾಗವಾದರೂ ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಕಾಣಬೇಕು. ಹಾಗಾಗಿ ಒಂದು ಕಡೆಯ ಇಂಪ್ರೆಶನ್ ಪಕ್ಕದಲ್ಲಿ ಇನ್ನೊಂದು ಕಡೆಯದ್ದನ್ನು ಇಟ್ಟು ಹೋಲಿಸುವುದನ್ನು ಬಿಟ್ಟಿದ್ದೇನೆ.

ನವೆಂಬರ್ 2023

ಈ ತಿಂಗಳು ಇನ್ನೊಂದು ಕಡೆ ಎಡವಿದೆ. ಇಡೀ ಪುಟದ ದಿನದಿನದ ರೀಚ್ ಬರೆದುಕೊಂಡು ವಾರಕ್ಕೆ ಕೂಡಿದೆ: 210, 180, 165, 240, 195, 230, 205. ಮೊತ್ತ 1,425. ಆ್ಯಪ್‌ನಲ್ಲಿ ಅದೇ ಏಳು ದಿನ ಆರಿಸಿದರೆ 786 ತೋರಿಸುತ್ತಿದೆ. ಮೊದಲು ಆ್ಯಪ್ ಮೇಲೆ ಅನುಮಾನ ಬಂತು.

ತಪ್ಪು ಕೂಡಿದ್ದರಲ್ಲೇ ಇತ್ತು. ಸೋಮವಾರದ 210ರಲ್ಲಿ ಇದ್ದ ಖಾತೆ ಮಂಗಳವಾರದ 180ರಲ್ಲೂ ಇರಬಹುದು. ದಿನದ ಲೆಕ್ಕದಲ್ಲಿ ಅದು ಎರಡು ಕಡೆ ಒಂದೊಂದು, ವಾರದ ಲೆಕ್ಕದಲ್ಲಿ ಒಂದೇ. ಇಂಪ್ರೆಶನ್ ಹಾಗಲ್ಲ. ಸೋಮವಾರದ ಸಲ ಬೇರೆ, ಮಂಗಳವಾರದ ಸಲ ಬೇರೆ, ಧೈರ್ಯವಾಗಿ ಕೂಡಬಹುದು. ಪೋಸ್ಟುಗಳಿಗೂ ಇದೇ ಮಾತು. ಗಿರಣಿಯ 640, ಸೈಕಲ್ ಶಾಪಿನ 655 ಸೇರಿ 1,295 ಖಾತೆ ಎನ್ನುವಂತಿಲ್ಲ, ಏಕೆಂದರೆ ನನ್ನ ಫಾಲೋವರ್‌ಗಳು ಎರಡರಲ್ಲೂ ಇದ್ದಾರೆ.

ಅವಧಿ ಉದ್ದವಾದಷ್ಟೂ ಎರಡು ಅಂಕಿಗಳ ನಡುವಿನ ಅಂತರ ಹಿಗ್ಗುವುದು ಇದರಿಂದಲೇ. ದಿನಕ್ಕೆ ನೋಡಿದರೆ ನನ್ನ ಪುಟದ ಅನುಪಾತ ಚಿಕ್ಕದು, ತಿಂಗಳಿಗೆ ನೋಡಿದರೆ ದೊಡ್ಡದು. ಸಲಗಳು ಕೂಡುತ್ತಾ ಹೋಗುತ್ತವೆ, ತಲೆಗಳು ಹಳೆಯವೇ ಮತ್ತೆ ಮತ್ತೆ. ರೀಚ್ ಇಂಪ್ರೆಶನ್‌ಗಿಂತ ಜಾಸ್ತಿ ಇರುವುದು ಮಾತ್ರ ಸಾಧ್ಯವಿಲ್ಲ, ಕಂಡ ಪ್ರತಿ ಖಾತೆಗೂ ಒಂದು ಸಲವಾದರೂ ಇರಲೇಬೇಕಲ್ಲ. ನನ್ನ ಶೀಟಿನಲ್ಲಿ ಒಮ್ಮೆ ಹಾಗೆ ಬಂದಿತ್ತು. ನೋಡಿದರೆ ರೀಚ್ ಮೂವತ್ತು ದಿನದ್ದು, ಇಂಪ್ರೆಶನ್ ಏಳು ದಿನದ್ದು ಬರೆದಿದ್ದೆ. ಈಗ ನಾಲ್ಕನೇ ಕಾಲಂನಲ್ಲಿ 1ಕ್ಕಿಂತ ಕಡಿಮೆ ಕಂಡರೆ ಮೊದಲು ತಾರೀಖು ನೋಡುತ್ತೇನೆ.

ಫೆಬ್ರುವರಿ 2025

2024ರಿಂದ ಇನ್‌ಸ್ಟಾಗ್ರಾಂ 'ವ್ಯೂಸ್' ಅನ್ನೇ ಮುಖ್ಯ ಅಂಕಿ ಮಾಡಿಕೊಂಡಿದೆ. ಫೋಟೋ, ರೀಲ್ಸ್, ಸ್ಟೋರಿ ಎಲ್ಲಕ್ಕೂ ಅದೇ ಹೆಸರು. ಅದೂ ಸಲಗಳ ಎಣಿಕೆಯೇ, ರೀಲ್ ಮತ್ತೆ ಓಡಿದರೆ ಅದೂ ಸೇರುತ್ತದೆ. ಹಳೆಯ ಇಂಪ್ರೆಶನ್ ಕಾಲಂನ ಕೆಳಗೇ ವ್ಯೂಸ್ ಬರೆಯುತ್ತಾ ಹೋದರೆ ಪುಟ ದಿಢೀರ್ ಬೆಳೆದಂತೆ ಕಾಣಬಹುದು. ಅದಕ್ಕೇ ಹೊಸ ಹಾಳೆ ತೆಗೆದು, ಹಳೆಯದರ ಕೊನೆಗೆ ಗೆರೆ ಎಳೆದಿದ್ದೇನೆ.

ಪೇಂಟರ್ ಅಣ್ಣ ಹೊಸ ವಿಸಿಟಿಂಗ್ ಕಾರ್ಡ್ ಮಾಡಿಸುತ್ತಿದ್ದಾರೆ. ಗಿರಣಿ ಬೋರ್ಡಿನ ಫೋಟೋ ಅದರ ಮೇಲೆ ಬರುತ್ತದೆ. ಯಾವ ಅಂಕಿ ಹಾಕಿಸಲಿ ಎಂದರು. "640 ಖಾತೆ ಅನ್ನಿ ಅಣ್ಣ, ಜನ ಅಂತ ಬೇಡ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಆ ಫಾಲೋ ಮಾಡದಿರೋ 252ರಲ್ಲಿ ನಮ್ಮ ತುಮಕೂರಿನವು ಎಷ್ಟು ಸಾರ್? ಬೋರ್ಡು ಬರೆಸೋರು ಅವರೇ ತಾನೆ" ಎಂದು ಕೇಳಿದರು. ಊರುಗಳ ಪಟ್ಟಿ ಇಡೀ ಪುಟದ ಮಟ್ಟದಲ್ಲಿ ಶೇಕಡಾ ಲೆಕ್ಕದಲ್ಲಿ ಬರುತ್ತದೆ, ಒಂದೊಂದು ಪೋಸ್ಟಿಗೆ ನನಗೆ ಕಂಡಿಲ್ಲ. ಮುಂದಿನ ತಿಂಗಳು ಬರೀ ತುಮಕೂರಿನ ಬೋರ್ಡುಗಳನ್ನೇ ಹಾಕಿ, ಆ ಶೇಕಡಾ ಎಷ್ಟು ಸರಿಯುತ್ತದೆ ಎಂದು ಬರೆದಿಡುತ್ತೇನೆ.