ಡವ್ ಜೊತೆ ಗುದ್ದಾಟ: ಸೋಪು ಹುಡುಕಿದರೆ ಹಕ್ಕಿ ಸಿಗುತ್ತದೆ

ಡವ್ ಮತ್ತು ನಿವಿಯಾ ಬಗ್ಗೆ ಜನ ಸೋಷಿಯಲ್ ಮೀಡಿಯಾದಲ್ಲಿ ಎಷ್ಟೆಷ್ಟು ಮಾತಾಡುತ್ತಾರೆ ಅಂತ ಹೋಲಿಸುವ ಪ್ರಾಜೆಕ್ಟ್ ಕೊನೆಗೂ ದಾರಿಗೆ ಬಂತು. ಡೇಟಾ ಇಳಿಸೋದು, ಡೂಪ್ಲಿಕೇಟ್ ತೆಗೆಯೋದು ನಿಮಗೆ ಗೊತ್ತಿರೋದೇ, ಬಿಡಿ. ತಲೆ ತಿಂದಿದ್ದು ಡವ್ ಅನ್ನೋ ಹೆಸರು.

ಯೂನಿಲಿವರ್‌ನ ಸೋಪೂ ಡವ್, ಮಾರ್ಸ್ ಕಂಪನಿಯ ಚಾಕೊಲೇಟೂ ಡವ್. ಹಕ್ಕಿಯಂತೂ ಇದ್ದೇ ಇದೆ. ಅಮೆರಿಕದಲ್ಲಿ ಯಾರೋ ಈಜುಕೊಳಕ್ಕೆ ಧುಮುಕಿದರು ಅಂತ ಬರೆದರೂ dove ಎಂಬ ಅದೇ ನಾಲ್ಕು ಅಕ್ಷರ, ಇಟಲಿಯವರು ‘ಎಲ್ಲಿ’ ಎಂದು ಕೇಳಿದರೂ ಅದೇ. ಸೆಪ್ಟೆಂಬರ್ 1ಕ್ಕೆ ಗ್ರಾಫ್ ಧಿಡೀರ್ ಅಂತ ಮೇಲೆ ಹೋಗಿತ್ತು. ದೊಡ್ಡ ಕ್ಯಾಂಪೇನ್ ಇರಬೇಕು ಅನ್ನಿಸುವ ಹಾಗೆ. ಪೋಸ್ಟ್‌ಗಳನ್ನು ತೆರೆದರೆ ಎಲ್ಲ ಬಂದೂಕು ಹಿಡಿದವರು! ಅಮೆರಿಕದ ಹಲವು ರಾಜ್ಯಗಳಲ್ಲಿ ಅವತ್ತೇ ಈ ಹಕ್ಕಿಯ ಬೇಟೆ ಶುರು.

ಡೇಟಾ ಮಾರುವವರಿಗೆ ಇದರಿಂದ ಖುಷಿಯೋ ಖುಷಿ. ಅವರು ಪೋಸ್ಟಿಗೆ ಇಷ್ಟು ಅಂತ ದುಡ್ಡು ಕೀಳುತ್ತಾರೆ, ಹಕ್ಕಿಗೂ ಸೋಪಿಗೂ ಒಂದೇ ರೇಟು. ಸಪೋರ್ಟಿಗೆ ಬರೆದರೆ ‘ಕ್ವೆರಿ ಸರಿ ಮಾಡಿಕೊಳ್ಳಿ’, ಅಂದರೆ ಹುಡುಕುವ ಪದಗಳನ್ನು ತಿದ್ದಿಕೊಳ್ಳಿ ಎಂಬ ಉತ್ತರ. ಸರಿ, ಭಾಷೆ ಇಂಗ್ಲಿಷ್ ಮಾತ್ರ ಅಂತ ಇಟ್ಟು, dove ಪದದಿಂದ ಎಂಟು ಪದಗಳೊಳಗೆ ಸೋಪು-ಶಾಂಪೂ ಥರದ ನಾಲ್ಕು ಪದಗಳಲ್ಲಿ ಒಂದಾದರೂ ಇರಬೇಕು, ಚಾಕೊಲೇಟ್, ಬೇಟೆ ಇರಬಾರದು ಅಂತ ಹೀಗೆ ಬರೆದೆ:

```
dove NEAR/8 (soap OR shampoo OR skin OR lotion)
NOT (chocolate OR hunting)
```

ಬೇಟೆಗಾರರು skin ಬಾಗಿಲಿನಿಂದ ವಾಪಸ್ ಬಂದರು. ಹೊಡೆದ ಹಕ್ಕಿಯ ಚರ್ಮ ಸುಲಿಯೋದು ಹೇಗೆ ಅನ್ನೋ ಚರ್ಚೆಯಂತೆ! ಇತ್ತ ‘ಚಾಕೊಲೇಟ್ ವಾಸನೆಯ ಡವ್ ಶಾಂಪೂ’ ಎಂದು ಬರೆದವರು ಸುಮ್ನೆ ಹೊರಗೆ. ‘ಡವ್‌ಗೆ ಬದಲಾದೆ, ಮುಖ ಒಣಗ್ತಿಲ್ಲ’ ಅನ್ನೋ ಪೋಸ್ಟೂ ಹೋಯಿತು, ಯಾಕೆಂದರೆ ಅದರಲ್ಲಿ ಆ ನಾಲ್ಕು ಪದ ಒಂದೂ ಇಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಹೋಲಿಕೆಯಲ್ಲಿದೆ. ನಿವಿಯಾಗೆ ಇಂಥ ಗೊಂದಲ ಇಲ್ಲ ಅಂತ ಅದನ್ನು ಫಿಲ್ಟರ್ ಇಲ್ಲದೆ ಬಿಟ್ಟರೆ, ಡವ್‌ನ ನಿಜವಾದ ಪೋಸ್ಟ್‌ಗಳೂ ಕತ್ತರಿಸಿ ಹೋಗಿ ನಿವಿಯಾ ಸುಳ್ಳು ಸುಳ್ಳೇ ದೊಡ್ಡದಾಗಿ ಕಾಣುತ್ತದೆ.

ದಾರಿ ಸಿಕ್ಕಿದ್ದು ಕ್ವೆರಿಯನ್ನು ಮತ್ತೆ ಸಡಿಲ ಬಿಟ್ಟಾಗ. ಎರಡೂ ಬ್ರಾಂಡಿನ ರಾಶಿಯಿಂದ ಲಾಟರಿ ಎತ್ತಿದ ಹಾಗೆ ನೂರು ನೂರು ಪೋಸ್ಟ್ ತೆಗೆದು, ಕೂತು ಓದಿ, ಸರಿ-ತಪ್ಪು ಗುರುತು ಹಾಕೋದು. ಲೆಕ್ಕ ಸುಲಭವಾಗಲಿ ಅಂತ ಡವ್ 1000, ನಿವಿಯಾ 250 ಅಂದುಕೊಳ್ಳಿ. ಹಾಗೇ ನೋಡಿದರೆ ಡವ್ ಪಾಲು 80%. ಡವ್‌ನ ನೂರರಲ್ಲಿ 25 ಮಾತ್ರ ಸೋಪು-ಶಾಂಪೂ ಕಡೆಯದು, ನಿವಿಯಾದವು ಎಲ್ಲ ಸರಿ ಅಂದರೆ 250ಕ್ಕೆ 250. ಅರ್ಧರ್ಧ! ಬೇಸರದ ಕೆಲಸವೇ, ಆದರೆ ಈ ಅಂಕಿಯನ್ನು ನಂಬಬಹುದು. ಸೆಪ್ಟೆಂಬರಿಗೆ ಬೇರೆ ಸ್ಯಾಂಪಲ್ ಬೇಕು. ಬೇಟೆ ಕಾಲದ ಕಸದ ಪ್ರಮಾಣ ಬೇರೆ ಅಲ್ವಾ?

ಈ ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಪ್ರತಿ ಜಾಹೀರಾತೂ ಯಾವತ್ತು ಶುರುವಾಯಿತು ಅಂತ ತೋರಿಸುತ್ತದೆ. ಆ ತಾರೀಕುಗಳನ್ನು ನಿವಿಯಾ ಗ್ರಾಫಿನ ಮೇಲೆ ಕೂರಿಸಿದರೆ, ಯಾವ ಏರಿಕೆ ಜಾಹೀರಾತಿನ ಜೊತೆ ಬಂತು, ಯಾವುದು ತಾನಾಗಿ ಎದ್ದಿತು ಅಂತ ಸ್ವಲ್ಪ ಅಂದಾಜು ಸಿಗಬಹುದು. ಆದರೆ ಬಹುಪಾಲು ಕಡೆ ಓಡೋದು ನಿಂತ ಮಾಮೂಲಿ ಜಾಹೀರಾತು ಅಲ್ಲಿಂದ ಮಾಯ. ಹಾಗಾಗಿ ಮೊದಲು ವಾರ ವಾರ ಪಟ್ಟಿ ಸೇವ್ ಮಾಡುವ ಸ್ಕ್ರಿಪ್ಟ್ ಬರೆಯಬೇಕು.