ಕೋಡ್ ಬಾರದ ಆ ರಾತ್ರಿ

ಸಾಗರದಲ್ಲಿರುವ ನನ್ನ ಸೋದರಮಾವನವರ ಫೋನು ಬಸ್ಸಿನಲ್ಲಿ ಕಳೆದುಹೋದಾಗ, ಅವರು ಅದೇ ನಂಬರಿಗೆ ಹೊಸ ಸಿಮ್ ಪಡೆದು, ಹೊಸ ಫೋನಿನಲ್ಲಿ ಮೆಸೇಜಿಂಗ್ ಆ್ಯಪ್ ಹಾಕಿಕೊಳ್ಳಲು ಕುಳಿತರು. ಕೋಡ್ ಬರಲಿಲ್ಲವೆಂದು ಮತ್ತೆ ಮತ್ತೆ ಕೇಳಿದರು. ನಾನು ಸಂಜೆ ಅವರ ಮನೆಗೆ ಹೋಗುವ ಹೊತ್ತಿಗೆ ಪರದೆಯ ಮೇಲೆ “Try again later” ಎಂದು ಬಂದು, ಅದರ ಕೆಳಗೆ 12 ಗಂಟೆಗಳ ಗಡುವು ಕಾಣುತ್ತಿತ್ತು. ಕೋಡನ್ನು ಕರೆಯ ಮೂಲಕ ಕೇಳುವ ಗುಂಡಿಯೂ ಮಂಕಾಗಿತ್ತು.

“ಆ್ಯಪ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೇನೋ?” ಎಂದು ಮಾವ ಕೇಳಿದರು. ಬೇಡವೆಂದೆ. ಎಷ್ಟು ಬಾರಿ ಕೋಡ್ ಕೇಳಲಾಯಿತು ಎಂಬ ಲೆಕ್ಕವು ಫೋನಿನಲ್ಲಿರದೆ ಆ ಕಂಪನಿಯ ಸರ್ವರಿನಲ್ಲಿ ನಂಬರಿಗೆ ಅಂಟಿಕೊಂಡಿರುವುದರಿಂದ, ಆ್ಯಪ್ ಅಳಿಸಿದರೂ, ಬೇರೆ ಫೋನಿಗೆ ಹೋದರೂ ಗಡುವು ಕರಗುವುದಿಲ್ಲ. ಬೇರೆಯವರ ನಂಬರಿಗೆ ಕೋಡುಗಳನ್ನು ಸುರಿಸುವವರನ್ನೂ, ಊಹಿಸಿ ಕೋಡ್ ಹಾಕುವವರನ್ನೂ ತಡೆಯಲು ಈ ಕಾಯುವಿಕೆ ಬೇಕೇ ಬೇಕು. ಆದರೆ ಅದು ನಂಬರಿನ ನಿಜವಾದ ಒಡೆಯನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತದೆ ಎಂಬುದು ನನಗೆ ಬೇಸರದ ಸಂಗತಿ.

ಗಡುವಿಗಿಂತ ಮುಖ್ಯವಾದ ಪ್ರಶ್ನೆ, ಮೊದಲ ಕೋಡೇ ಏಕೆ ಬರಲಿಲ್ಲ ಎಂಬುದು. ನಾನು ನನ್ನ ಫೋನಿನಿಂದ ಮಾವನವರಿಗೆ ಕರೆ ಮಾಡಿದೆ, ರಿಂಗಾಯಿತು. ಸಾಮಾನ್ಯ ಎಸ್ಸೆಮ್ಮೆಸ್ ಕಳಿಸಿದೆ, ತಲುಪಲಿಲ್ಲ. ತೊಡಕು ಆ್ಯಪಿನದ್ದಲ್ಲ ಎಂಬುದು ಅಲ್ಲಿಗೆ ತಿಳಿಯಿತು. ನಮ್ಮ ದೇಶದಲ್ಲಿ ಸಿಮ್ ಬದಲಾಯಿಸಿದ ಬಳಿಕ ಮೊದಲ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಸೌಲಭ್ಯವನ್ನು ನಿಲ್ಲಿಸಿರುತ್ತಾರೆ. ಯಾರೋ ನಮ್ಮ ಹೆಸರಿನಲ್ಲಿ ಸಿಮ್ ಪಡೆದು ಬ್ಯಾಂಕಿನ ಓಟಿಪಿಗಳನ್ನು ದೋಚದಿರಲಿ ಎಂಬ ಕಾರಣಕ್ಕೆ ಬಂದ ಕ್ರಮವದು. ಸಿಮ್ ಕೊಟ್ಟ ಅಂಗಡಿಯಲ್ಲಿ ಇದನ್ನು ಒಂದು ಮಾತಿನಲ್ಲಿ ಹೇಳಿದ್ದರೆ, ಕರೆಗಳಿಗೆ ಅಡ್ಡಿಯಿಲ್ಲದ ಕಾರಣ ಮಾವನವರು ಆರಂಭದಲ್ಲಿಯೇ ಕರೆಯ ಮೂಲಕ ಕೋಡ್ ಪಡೆದು ಮುಗಿಸಿಬಿಡುತ್ತಿದ್ದರು. ಈಗ ಆ ದಾರಿಯೂ ಗಡುವಿನೊಳಗೆ ಸಿಕ್ಕಿಕೊಂಡಿತ್ತು.

ಹೀಗೆ ಎರಡು ಕಾಯುವಿಕೆಗಳು ಒಂದರ ಮೇಲೊಂದು ಕುಳಿತಿದ್ದವು. ಆ್ಯಪಿನ ಗಡುವು ಬೆಳಿಗ್ಗೆಯೇ ತೀರಿದರೂ ಎಸ್ಸೆಮ್ಮೆಸ್ ತೆರೆಯುವುದು ಮಧ್ಯಾಹ್ನದ ನಂತರವೇ ಆದ್ದರಿಂದ, ಬೆಳಿಗ್ಗೆ ಗುಂಡಿ ಒತ್ತಿದರೆ ಇನ್ನೊಂದು ಕೋಡ್ ವ್ಯರ್ಥವಾಗಿ ಗಡುವು ಮತ್ತಷ್ಟು ಉದ್ದವಾಗುತ್ತಿತ್ತು. ಅದಕ್ಕಾಗಿ ಆ್ಯಪನ್ನು ಮುಟ್ಟದೆ ಇಟ್ಟು, ಮರುದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಮತ್ತೊಂದು ಸಾಮಾನ್ಯ ಎಸ್ಸೆಮ್ಮೆಸ್ ಕಳಿಸಿ ನೋಡಿದೆ. ಅದು ಕೂಡಲೇ ಬಂತು. ಆಗಷ್ಟೇ ಮಾವನವರು ನಂಬರನ್ನು +91ರೊಂದಿಗೆ, ಮುಂದೆ ಸೊನ್ನೆಯಿಲ್ಲದೆ ಸರಿಯಾಗಿದೆಯೇ ಎಂದು ನೋಡಿಕೊಂಡು, ಕೋಡನ್ನು ಒಮ್ಮೆ ಮಾತ್ರ ಕೇಳಿದರು. ಆರಂಕಿಯ ಕೋಡ್ ಬಂತು, ಖಾತೆ ತೆರೆಯಿತು, ಅಡಿಕೆ ಮಾರುವ ಗೆಳೆಯರ ಗುಂಪಿನ ಸಂದೇಶಗಳು ಒಂದರ ಹಿಂದೊಂದು ಇಳಿಯತೊಡಗಿದವು.