450 ಪುಟದ ಕಾದಂಬರಿ 320 ಪುಟಕ್ಕೆ ಇಳಿದದ್ದು

ಧಾರವಾಡದ ಒಂದು ಸಣ್ಣ ಪ್ರಕಾಶನದಲ್ಲಿ ಹಸ್ತಪ್ರತಿ ಓದಿ ತಿದ್ದುವುದು ನನ್ನ ಕೆಲಸ. ಹೊಸ ಲೇಖಕರು ತಪ್ಪದೆ ಕೇಳುವ ಪ್ರಶ್ನೆ, ಕಾದಂಬರಿ ಎಷ್ಟು ಉದ್ದ ಇರಬೇಕು ಅನ್ನೋದು.

ಇಂಗ್ಲಿಷ್ ಪ್ರಕಾಶಕರಲ್ಲಿ ಇದಕ್ಕೊಂದು ರೂಢಿ ಇದೆ. ಹೊಸಬರ ಕಾದಂಬರಿ ಸಾಮಾನ್ಯವಾಗಿ 80 ಸಾವಿರದಿಂದ 1 ಲಕ್ಷ ಪದ. ಪತ್ತೇದಾರಿ ಅದಕ್ಕಿಂತ ತುಸು ಕಡಿಮೆ, ಪ್ರೇಮಕಥೆ 50 ಸಾವಿರಕ್ಕೂ ಮುಗಿಯಬಹುದು. ಫ್ಯಾಂಟಸಿಯಲ್ಲಿ ಒಂದು ಲೋಕವನ್ನೇ ಕಟ್ಟಬೇಕಲ್ವಾ, ಹಾಗಾಗಿ 1.2 ಲಕ್ಷದವರೆಗೂ ಒಪ್ಪುತ್ತಾರೆ. ಈ ಅಂಕಿಗಳನ್ನು ಕನ್ನಡಕ್ಕೆ ಹಾಗೇ ತರಬೇಡಿ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ, ಅದೇ ಸಂಗತಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಅದಕ್ಕೇ ನಾವು ಪುಟದ ಲೆಕ್ಕ ಇಡುತ್ತೇವೆ. ನಮ್ಮ ವಿನ್ಯಾಸದಲ್ಲಿ ಡೆಮಿ 1/8 ಅಳತೆಯ ಪುಟಕ್ಕೆ ಸುಮಾರು 240 ಪದ. ಅಚ್ಚಿನಲ್ಲಿ 16 ಪುಟದ ಕಟ್ಟಿಗೆ ಒಂದು ಫಾರಂ ಅನ್ನುತ್ತೇವೆ. ಖರ್ಚು ಏರುವುದು ಫಾರಂ ಏರಿದಂತೆ.

ಹಾವೇರಿ ಕಡೆಯ ಒಬ್ಬ ನಿವೃತ್ತ ಮಾಸ್ತರರ ಹಸ್ತಪ್ರತಿ ಬಂತು. ಬೆಟಗೇರಿಯ ನೇಕಾರರ ಮನೆತನದ ಕತೆ, 1,08,000 ಪದ. ಅಂದರೆ 450 ಪುಟ, ಮುನ್ನುಡಿ ಎಲ್ಲ ಸೇರಿ 29 ಫಾರಂ. ಮಗ್ಗದ ಕೋಣೆಯ ಪ್ರಸಂಗಗಳು ಅಷ್ಟು ಚೆನ್ನಾಗಿದ್ದವು, ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ಆದರೆ ಮೊದಲ ಪುಸ್ತಕ ಇಷ್ಟು ದಪ್ಪ ಆದರೆ ಬೆಲೆ ನೋಡಿಯೇ ಓದುಗ ಕೆಳಗಿಡುತ್ತಾನೆ.

“‘ಮಲೆಗಳಲ್ಲಿ ಮದುಮಗಳು’ ಎಷ್ಟ್ ದಪ್ಪ ಐತ್ರೀ ಸರ್?” ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ 1967ರಲ್ಲಿ ಅದು ಬರುವ ಹೊತ್ತಿಗೆ ಕುವೆಂಪು ಅವರಿಗೆ ನಾಡಿನ ತುಂಬ ಓದುಗರಿದ್ದರು ಅಂದೆ.

ಅಕ್ಷರ ಸಣ್ಣದು ಮಾಡಿದರೆ ಆಗಲ್ವಾ ಅಂತಲೂ ಕೇಳಿದರು. ಒಂದು ಪುಟ ಹಾಗೆ ಮಾಡಿ ತೋರಿಸಿದೆ. ಸಾಲುಗಳ ನಡುವಿನ ಜಾಗ ಇಳಿಸಿದ ಕೂಡಲೇ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಓದುವವರ ಕಣ್ಣು ಸೋಲುತ್ತದೆ. ಎರಡು ಭಾಗ ಮಾಡುವುದು ಇನ್ನೊಂದು ದಾರಿ. ಟೋಲ್ಕಿನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟವಾಗಿ ಬಂದಿದ್ದಕ್ಕೆ ಕಾಗದದ ಖರ್ಚೂ ಒಂದು ಕಾರಣ. ಆದರೆ ಮಾಸ್ತರರ ಕತೆಗೆ ನಡುವೆ ನಿಲ್ಲುವ ಜಾಗವೇ ಇರಲಿಲ್ಲ. ಉಳಿದದ್ದು ಕತ್ತರಿ.

ಸಾಲು ಬಿಗಿ ಮಾಡಿದರೆ ಸಾಕು ಅಂತ ಬಹಳ ಜನ ನಂಬಿರುತ್ತಾರೆ. “ಅವನು ಎದ್ದು ನಿಂತು, ಬಾಗಿಲ ಕಡೆ ನಡೆದು, ಚಿಲಕ ತೆಗೆದು ಹೊರಗೆ ಬಂದ” ಅನ್ನುವಲ್ಲಿ “ಅವನು ಹೊರಗೆ ಬಂದ” ಸಾಕು. ಇಡೀ ಪುಸ್ತಕ ಹೀಗೆ ತಿದ್ದಿದರೂ ಹೋದದ್ದು 10 ಸಾವಿರ ಪದ. ಅದಕ್ಕಿಂತ ಜಾಸ್ತಿ ಹಿಂಡಿದ್ದರೆ ಮಾಸ್ತರರ ದನಿಯೇ ಹೋಗುತ್ತಿತ್ತು. ದೊಡ್ಡ ಉಳಿತಾಯ ಬೇಕಾದರೆ ಅಧ್ಯಾಯಗಳನ್ನೇ ತೆಗೆಯಬೇಕು.

ಯಾವುದನ್ನು? ನಾನು ಒಂದು ಹಾಳೆಯಲ್ಲಿ ಅಧ್ಯಾಯಕ್ಕೆ ಒಂದೇ ಸಾಲು ಬರೆಯುತ್ತೇನೆ: ಇಲ್ಲಿ ಏನು ಬದಲಾಯಿತು? ಆಮೇಲೆ ಆ ಅಧ್ಯಾಯ ಇಲ್ಲ ಅಂದುಕೊಂಡು ಮುಂದಿನದನ್ನು ಓದುತ್ತೇನೆ. ಎಲ್ಲಿಯೂ ತೊಡಕಾಗದಿದ್ದರೆ ಅದನ್ನು ತೆಗೆಯಬಹುದು. ಇಲ್ಲಿ ಕಾಕಾನ ಕೋರ್ಟ್ ವ್ಯಾಜ್ಯದ ಏಳು ಅಧ್ಯಾಯ ಹಾಗಿದ್ದವು, 17 ಸಾವಿರ ಪದ. ವಕೀಲರು, ವಾಯಿದೆ, ಸಾಕ್ಷಿ ಎಲ್ಲ ಇತ್ತು, ಮಗ್ಗದ ಮನೆಯಲ್ಲಿ ಮಾತ್ರ ಅದರಿಂದ ಏನೂ ಬದಲಾಗಿರಲಿಲ್ಲ. ಒಂದೇ ಒಂದು ಸಂಗತಿ ಮುಂದೆ ಬೇಕಾಗಿತ್ತು, ಮನೆಯ ಕಾಗದಪತ್ರ ತಾಯಿಯ ಹೆಸರಲ್ಲಿದೆ ಅನ್ನೋದು. ಅದನ್ನು ತಾಯಿಯ ಬಾಯಲ್ಲೇ, ಊಟಕ್ಕೆ ಬಡಿಸುವಾಗ ಎರಡು ಮಾತಲ್ಲಿ ಹೇಳಿಸಿದೆವು. ಮೊದಲ ಎರಡು ಅಧ್ಯಾಯಗಳ ವಂಶದ ಚರಿತ್ರೆಯೂ ಹೋಯಿತು, ಅದು 6 ಸಾವಿರ. ಈಗ ಕತೆ ಮಗ್ಗದ ಸದ್ದಿನಿಂದಲೇ ಶುರುವಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ತೆಗೆದ ಭಾಗದ ಪಾತ್ರದ ಹೆಸರು ಬೇರೆಲ್ಲೋ ಉಳಿದುಬಿಡುತ್ತದೆ. ವಕೀಲರ ಹೆಸರು ಹುಡುಕಿದಾಗ ಕೊನೆಯ ಮದುವೆ ಊಟದಲ್ಲಿ ಅವರು ಪಂಕ್ತಿಗೆ ಕೂತಿದ್ದರು! ಹೀಗಾಗಿ ಕತ್ತರಿಸಿದ ಮೇಲೆ ಹೆಸರು, ವಯಸ್ಸು, ಹಬ್ಬಗಳ ಕ್ರಮ ಇಷ್ಟನ್ನು ನೋಡಲು ಪೂರ್ತಿ ಪುಸ್ತಕ ಇನ್ನೊಮ್ಮೆ ಓದುತ್ತೇನೆ.

ಕೊನೆಗೆ 75 ಸಾವಿರ ಪದ ಉಳಿಯಿತು. ಮುನ್ನುಡಿ, ಅರ್ಪಣೆ ಸೇರಿ 320 ಪುಟ, ಸರಿಯಾಗಿ 20 ಫಾರಂ. ಕೋರ್ಟಿನ ಅಧ್ಯಾಯಗಳನ್ನು ಮಾಸ್ತರರು ಎಸೆದಿಲ್ಲ. ಕಾಕಾನನ್ನೇ ನಾಯಕ ಮಾಡಿ ಒಂದು ನೀಳ್ಗತೆಯಾಗಿ ತಿದ್ದುತ್ತಿದ್ದಾರೆ, ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಆಸೆ ಅವರಿಗೆ.